ತಾಮ್ರದ ಬಿಂದಿಗೆ ಆನ್‌ಲೈನ್‌ನಲ್ಲಿ ಮಾರುತ್ತಿದ್ದೇವೆ: ವಿವರದಲ್ಲಿ ಏನು ಬರೆಯಬೇಕು, ಏನು ಬಿಡಬೇಕು?

ಪಾತ್ರೆಅಂಗಡಿ_ಸೊಸೆ

ಎಲ್ಲರಿಗೂ ನಮಸ್ಕಾರ. ತುಮಕೂರಿನಲ್ಲಿ ನಮ್ಮ ಮಾವನವರ ಪಾತ್ರೆ ಅಂಗಡಿ ಇದೆ. ಎರಡು ತಿಂಗಳಿಂದ ತಾಮ್ರದ ಬಿಂದಿಗೆಗಳನ್ನು ಆನ್‌ಲೈನ್‌ನಲ್ಲೂ ಹಾಕುತ್ತಿದ್ದೇವೆ. ವಿವರ ಬರೆಯೋಕೆ ಒಬ್ಬರಿಗೆ ದುಡ್ಡು ಕೊಟ್ಟಿದ್ದೆವು. ಅವರು ಬರೆದುಕೊಟ್ಟದ್ದು ಇದು:

"ರಾತ್ರಿ ನೀರು ತುಂಬಿಟ್ಟು ಬೆಳಿಗ್ಗೆ ಕುಡಿಯಿರಿ. ತೂಕ ಇಳಿಯುತ್ತದೆ, ಥೈರಾಯ್ಡ್ ಹತೋಟಿಗೆ ಬರುತ್ತದೆ, ಕೀಲುನೋವು ಹೋಗುತ್ತದೆ. 100% ಶುದ್ಧ ತಾಮ್ರ."

ಹೋದ ವಾರ ಒಬ್ಬ ಹೆಂಗಸು ಫೋನ್ ಮಾಡಿ, "ಇದರಲ್ಲಿ ನೀರು ಕುಡಿಯೋಕೆ ಶುರು ಮಾಡಿದರೆ ಥೈರಾಯ್ಡ್ ಮಾತ್ರೆ ಯಾವಾಗ ನಿಲ್ಲಿಸಬಹುದು?" ಅಂತ ಕೇಳಿದರು. ನನಗೆ ಎದೆ ಧಸಕ್ ಎಂದಿತು. ಮಾತ್ರೆ ನಿಲ್ಲಿಸಬೇಡಿ, ಡಾಕ್ಟರನ್ನೇ ಕೇಳಿ ಎಂದು ಹೇಳಿ, ಅವತ್ತೇ ಆ ಸಾಲುಗಳನ್ನು ಅಳಿಸಿಹಾಕಿದೆ.

ಅಳಿಸಿದ ಮೇಲೆ ನೋಡಿದರೆ ವಿವರದಲ್ಲಿ ಏನೂ ಉಳಿದಿಲ್ಲ! ಪಾತ್ರೆ ಬಗ್ಗೆ ಇದ್ದದ್ದು ಎರಡೇ ಪದ, ಶುದ್ಧ ತಾಮ್ರ. ವಾಪಸ್ ಬಂದ ಪಾತ್ರೆಗಳಿಗೆಲ್ಲ ಕಾರಣ ಒಂದೇ: "ಹತ್ತು ದಿನಕ್ಕೆ ಕಪ್ಪಾಯಿತು, ಇದು ಡೂಪ್ಲಿಕೇಟ್."

ಬಿಂದಿಗೆ 2 ಲೀಟರಿನದು. ಮುಚ್ಚಳ ಸೇರಿ 655 ಗ್ರಾಂ, ಮುಚ್ಚಳ ಬಿಟ್ಟರೆ 565. ಮುಚ್ಚಳದ ಹಿಡಿ ಹಿತ್ತಾಳೆಯದು. ಹೊಟ್ಟೆಯ ನಡುವೆ ಒಂದು ಬೆಸುಗೆ ಇದೆ. ಇಷ್ಟು ನನಗೆ ಗೊತ್ತು. ಇನ್ನೇನು ತಿಳಿದುಕೊಂಡು ಬರೆಯಬೇಕು?

ಅಡುಗೆಮನೆ_ಶಾರದಾ

ಕಲಾಯಿ ಹಾಕಿಸಿದ್ದೀರಾ ಅಂತ ಮೊದಲು ಬರೆಯಮ್ಮ. ಕಲಾಯಿ ಇಲ್ಲದ ತಾಮ್ರದಲ್ಲಿ ಸಾರು ಮಾಡಿದರೆ ಕಿಲುಬು ಬಿಡುತ್ತೆ. ನಮ್ಮ ಊರಿಗೆ ವರ್ಷಕ್ಕೊಂದು ಸಲ ಕಲಾಯಿ ಸಾಬರು ಬರುತ್ತಿದ್ದರು. ಪಾತ್ರೆ ಕಾಯಿಸಿ, ನವಸಾಗರ ಹಾಕಿ, ತವರ ಸವರಿ, ಹತ್ತಿಯಲ್ಲಿ ಒರೆಸಿದರೆ ಬೆಳ್ಳಿ ಹಾಗೆ ಹೊಳೆಯುತ್ತಿತ್ತು.

ಪಾತ್ರೆಅಂಗಡಿ_ಸೊಸೆ

ಶಾರದಮ್ಮ, ಇದು ಅಡುಗೆ ಪಾತ್ರೆ ಅಲ್ಲ, ಕುಡಿಯೋ ನೀರಿನ ಬಿಂದಿಗೆ. ಒಳಗೆ ಕಲಾಯಿ ಇಲ್ಲ. ಆದರೆ ನೀವು ಹೇಳಿದ್ದರಿಂದ ಒಂದು ವಿಷಯ ಹೊಳೆಯಿತು. "ಕಲಾಯಿ ಇಲ್ಲ, ಅಡುಗೆಗೆ ಅಲ್ಲ" ಅಂತ ನಾವು ಎಲ್ಲೂ ಬರೆದೇ ಇಲ್ಲ.

ಲೇತ್_ನಾಗಣ್ಣ

ಮೂವತ್ತು ವರ್ಷ ತಗಡು ಒತ್ತುವ ಲೇತ್ ಮೇಲೆ ಕೆಲಸ ಮಾಡಿದವನು ನಾನು. ತಂಗಿ, ನೀನು ತೂಕ ಹಾಕಿ ನೋಡಿದ್ದೀಯಲ್ಲ, ಅದು ಬಹಳ ಒಳ್ಳೆಯದಾಯಿತು. ಅದರಿಂದಲೇ ಶುರು ಮಾಡೋಣ.

ಎಲ್ಲರೂ "22 ಗೇಜ್" ಅಂತ ಬರೆಯುತ್ತಾರೆ. 22 ಗೇಜ್ ಅಂದರೆ ತಗಡು ಸುಮಾರು 0.7 ಮಿಲಿಮೀಟರ್. ಆದರೆ ಅದು ಲೇತ್‌ಗೆ ಹಾಕುವ ಮುಂಚಿನ ದಪ್ಪ. ಅಚ್ಚಿನ ಮೇಲೆ ಒತ್ತುವಾಗ ತಗಡು ಎಳೆದುಕೊಂಡು ತೆಳ್ಳಗಾಗುತ್ತದೆ. ಹೊಟ್ಟೆ ಹತ್ತಿರ ಒಂದು ದಪ್ಪ, ಕಂಠದ ಹತ್ತಿರ ಇನ್ನೊಂದು. ಗಿರಾಕಿ ಅದನ್ನು ಅಳೆಯೋದಕ್ಕೂ ಆಗಲ್ಲ, ಬಾಯಿಯ ಅಂಚು ಮಡಚಿರುತ್ತಲ್ಲ. ತೂಕವನ್ನಾದರೆ ಯಾರು ಬೇಕಾದರೂ ಮನೆಯಲ್ಲೇ ನೋಡಬಹುದು. ಹಾಗಾಗಿ ಮುಚ್ಚಳ ಬಿಟ್ಟು 565 ಗ್ರಾಂ ಅಂತಲೇ ಬರಿ. ಮುಚ್ಚಳ ಸೇರಿಸಿ ತೂಕ ಹೇಳಿದರೆ ಹಿತ್ತಾಳೆ ಹಿಡಿಯ ತೂಕವೂ ತಾಮ್ರದ ಲೆಕ್ಕಕ್ಕೆ ಸೇರಿಬಿಡುತ್ತದೆ. 2 ಲೀಟರಿನ ಬಿಂದಿಗೆ 400 ಗ್ರಾಮಿನಲ್ಲೂ ಸಿಗುತ್ತದೆ. ಅದೂ ತಾಮ್ರವೇ, ಆದರೆ ಬಿದ್ದರೆ ಬೇಗ ನೆಗ್ಗುತ್ತದೆ. ಬೆಲೆಯ ವ್ಯತ್ಯಾಸ ಯಾಕೆ ಅಂತ ಗಿರಾಕಿಗೆ ಆಗ ತಿಳಿಯುತ್ತೆ.

ಎರಡನೆಯದು ಆ ಬೆಸುಗೆ. ಯಾವುದರಲ್ಲಿ ಬೆಸೆದಿದ್ದಾರೆ? ಒಳಗೆ ಟಾರ್ಚ್ ಬಿಟ್ಟು ನೋಡು. ಹಳದಿ ಗೆರೆ ಇದ್ದರೆ ಹಿತ್ತಾಳೆ ಬೆಸುಗೆ. ಬೂದು ಬಣ್ಣ ಇದ್ದು, ಚಾಕುವಿನ ತುದಿ ಒತ್ತಿದರೆ ಗೀರು ಬೀಳುವಷ್ಟು ಮೆತ್ತಗಿದ್ದರೆ, ಅದು ತವರದ ಬೆಸುಗೆ. ಅದರಲ್ಲಿ ಸೀಸ ಬೆರೆತಿರಬಹುದು. ಹಾಗಿದ್ದರೆ ಪರೀಕ್ಷೆ ಮಾಡಿಸದೆ ಕುಡಿಯೋ ನೀರಿಗೆ ಅಂತ ಮಾರಬೇಡ. ತಾಮ್ರ ಅಪ್ಪಟವೋ ಅಲ್ಲವೋ ಅಂತ ಎಲ್ಲರೂ ಜಗಳ ಆಡುತ್ತಾರೆ, ಬೆಸುಗೆ ಬಗ್ಗೆ ಯಾರೂ ಕೇಳಲ್ಲ. ನನ್ನ ಕೇಳಿದರೆ ಇದೇ ದೊಡ್ಡ ಪ್ರಶ್ನೆ.

ಮೂರನೆಯದು, ಹೊರಗಡೆ ಲ್ಯಾಕರ್, ಅಂದರೆ ಹೊಳಪು ಉಳಿಯಲಿ ಅಂತ ಕಣ್ಣಿಗೆ ಕಾಣದ ತೆಳು ಲೇಪ, ಹೊಡೆದಿದ್ದಾರಾ? ಒಂದು ತೊಟ್ಟು ನಿಂಬೆರಸಕ್ಕೆ ಚಿಟಿಕೆ ಉಪ್ಪು ಸೇರಿಸಿ ಹೊರಗೆ ಒಂದು ಕಡೆ, ಒಳಗೆ ಒಂದು ಕಡೆ ಉಜ್ಜು. ಬರೀ ತಾಮ್ರವಾದರೆ ಅಲ್ಲೇ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಏನೂ ಬದಲಾಗದಿದ್ದರೆ ಮೇಲೆ ಲ್ಯಾಕರ್ ಇದೆ ಅಂತ ಅರ್ಥ.

ಮೈಸೂರು_ಕಿರಣ

ಆರೋಗ್ಯದ ಮಾತು ಪೂರ್ತಿ ಬಿಡೋದು ಯಾಕೆ ಅಂತ ನನಗೆ ಅರ್ಥ ಆಗ್ತಿಲ್ಲ. ತೂಕ, ಥೈರಾಯ್ಡ್ ಎಲ್ಲ ಸುಳ್ಳು, ಒಪ್ಪಿದೆ. ಆದರೆ ತಾಮ್ರದ ಬಿಂದಿಗೆ ರೋಗಾಣು ಕೊಲ್ಲುತ್ತೆ ಅನ್ನೋದು ವಿಜ್ಞಾನ. ಬೆಂಗಳೂರಿನ ಆಯುರ್ವೇದ ಸಂಶೋಧನಾ ಸಂಸ್ಥೆಯವರೇ ಪರೀಕ್ಷೆ ಮಾಡಿ 2012ರಲ್ಲಿ ಪ್ರಕಟಿಸಿದ್ದಾರೆ. ಕಾಲರಾ, ಟೈಫಾಯ್ಡ್ ತರುವ ಬ್ಯಾಕ್ಟೀರಿಯಾ ಸೇರಿಸಿದ ನೀರನ್ನು 16 ಗಂಟೆ ತಾಮ್ರದಲ್ಲಿ ಇಟ್ಟಾಗ ಒಂದೂ ಉಳಿದಿರಲಿಲ್ಲ. "99.9% ರೋಗಾಣು ನಾಶ, ಪರೀಕ್ಷಿತ" ಅಂತ ಧೈರ್ಯವಾಗಿ ಹಾಕಿ.

ನೀರು_ಪರೀಕ್ಷೆ

ನಾನು ನೀರು ಪರೀಕ್ಷೆ ಮಾಡುವ ಲ್ಯಾಬ್‌ನಲ್ಲಿ ಇದ್ದೇನೆ. ಕಿರಣ್ ಅವರು ಹೇಳಿದ ಪರೀಕ್ಷೆ ನಿಜ, ಒಳ್ಳೆಯ ಕೆಲಸವೂ ಹೌದು. ಆದರೆ ಅದರಿಂದ ಈ ಬಿಂದಿಗೆಯ ಮೇಲೆ "ಪರೀಕ್ಷಿತ" ಅಂತ ಬರೆಯೋಕೆ ಬರಲ್ಲ. ಯಾಕೆ ಅಂತ ಹೇಳುತ್ತೇನೆ.

ಅವರು ಪರೀಕ್ಷೆ ಮಾಡಿದ್ದು ತಾವು ಆರಿಸಿಕೊಂಡ ಪಾತ್ರೆಗಳನ್ನು. ಹಾಕಿದ್ದು ಇಷ್ಟೇ ಬ್ಯಾಕ್ಟೀರಿಯಾ ಅಂತ ಲೆಕ್ಕ ಹಾಕಿದ ನೀರು. ನೋಡಿದ್ದು ಆ ನೀರಿನಲ್ಲಿ ಆ ಜಾತಿಯ ಬ್ಯಾಕ್ಟೀರಿಯಾ ಉಳಿದಿದೆಯಾ ಅಂತ. ಕುಡಿದವರಿಗೆ ಬೇನೆ ಕಡಿಮೆ ಆಯಿತಾ ಅಂತ ಅದರಲ್ಲಿ ನೋಡಿಲ್ಲ. ಗಿರಾಕಿ ಮನೆಯಲ್ಲಿ ನಡೆಯೋದು ಬೇರೆ. ಬೋರ್‌ವೆಲ್ ನೀರು ಹಾಕುತ್ತಾರೆ, ತಿಂಗಳೊಳಗೆ ಒಳಗೆಲ್ಲ ಬಿಳಿ ಸುಣ್ಣದ ಪದರ ಕಟ್ಟುತ್ತದೆ. ಆಮೇಲೆ ನೀರು ಮುಟ್ಟೋದು ಸುಣ್ಣವನ್ನು, ತಾಮ್ರವನ್ನಲ್ಲ. ಕೆಲವರು 16 ಗಂಟೆ ಇಡುತ್ತಾರೆ, ಕೆಲವರು ಎರಡು ಗಂಟೆ. ನೀವು "ರೋಗಾಣು ನಾಶ" ಅಂತ ಬರೆದದ್ದನ್ನು ನಂಬಿ ಒಬ್ಬರು ನೀರು ಕಾಯಿಸೋದು ನಿಲ್ಲಿಸಿದರೆ?

ನಮ್ಮ ಜಿಲ್ಲೆಗೇ ಸೇರಿದ ಇನ್ನೊಂದು ವಿಷಯ. ಪಾವಗಡ ಕಡೆ ನೀರಿನಲ್ಲಿ ಫ್ಲೋರೈಡ್ ಇದೆ. ತಾಮ್ರದಲ್ಲಿಟ್ಟರೆ ಫ್ಲೋರೈಡ್ ಹೋಗಲ್ಲ. "ನೀರು ಶುದ್ಧವಾಗುತ್ತದೆ" ಅಂತ ಓದಿದವರು ಅದೂ ಹೋಗುತ್ತೆ ಅಂತಲೇ ತಿಳಿದುಕೊಳ್ಳುತ್ತಾರೆ.

ಮೈಸೂರು_ಕಿರಣ

ಸರಿ, ಪರೀಕ್ಷಿತ ಅನ್ನೋದು ಬೇಡ. ಆದರೆ ಅದೇ ವರದಿಯಲ್ಲಿ ನೀರಿಗೆ ಬಿಟ್ಟ ತಾಮ್ರ ಲೀಟರಿಗೆ 0.177 ಮಿಲಿಗ್ರಾಂ ಅಂತಿದೆ. ವಿಶ್ವ ಆರೋಗ್ಯ ಸಂಸ್ಥೆಯ ಮಿತಿ 2 ಮಿಲಿಗ್ರಾಂ. ಹತ್ತನೇ ಒಂದು ಭಾಗವೂ ಇಲ್ಲ. "ಪೂರ್ತಿ ಸುರಕ್ಷಿತ" ಅಂತಾದರೂ ಬರೆಯಬಹುದು ಅಲ್ವಾ?

ನೀರು_ಪರೀಕ್ಷೆ

ಅಂಕಿ ಸರಿ ಇದೆ. ನಮ್ಮ ದೇಶದ ಕುಡಿಯುವ ನೀರಿನ ಮಾನದಂಡ IS 10500 ಅದನ್ನೂ ನೋಡಿ. ಅದರಲ್ಲಿ ತಾಮ್ರ 0.05 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರು ಸಿಗದಿದ್ದರೆ 1.5ರ ತನಕ ಪರವಾಗಿಲ್ಲ ಅಂತಿದೆ. ನೀವು ಹೇಳಿದ 0.177 ಈ ಎರಡರ ಮಧ್ಯೆ ಬರುತ್ತದೆ. ಅದರಿಂದ ಹೆದರಬೇಕು ಅಂತಲ್ಲ. ಆದರೆ "ಪೂರ್ತಿ" ಅನ್ನೋ ಪದಕ್ಕೆ ಅಲ್ಲಿ ಜಾಗ ಇಲ್ಲ.

ಇನ್ನೊಂದು, ಆ ಪರೀಕ್ಷೆಯ ನೀರಿನ ಪಿಎಚ್ 8ರ ಹತ್ತಿರ ಇತ್ತು, ಅಂದರೆ ಅದು ಹುಳಿ ಕಡೆಗೆ ಇರಲಿಲ್ಲ. ಈಗ ಬಹಳ ಮನೆಗಳಲ್ಲಿ ಆರ್‌ಒ ನೀರು. ಅದರಲ್ಲಿ ಲವಣ ಕಡಿಮೆ, ಸ್ವಲ್ಪ ಹುಳಿ ಕಡೆಗೇ ಇರುತ್ತದೆ. ಅಂಥ ನೀರು ತಾಮ್ರವನ್ನು ಜಾಸ್ತಿ ಬಿಡಿಸಿಕೊಳ್ಳುತ್ತದೆ. ನಿಂಬೆ ನೀರು, ಮಜ್ಜಿಗೆ ಹಾಕಿಟ್ಟರೆ ಇನ್ನೂ ಎಷ್ಟೋ ಜಾಸ್ತಿ. ಹಾಗೆ ಇಟ್ಟು ಕುಡಿದವರಿಗೆ ಹೊಟ್ಟೆ ತೊಳಸುವುದು, ವಾಂತಿ ಆಗುವುದು ಇದರಿಂದಲೇ. ಬಾಯಿಗೆ ಲೋಹದ ರುಚಿ ಬಂದರೆ ಚೆಲ್ಲಿಬಿಡಬೇಕು. "ಸುರಕ್ಷಿತ" ಅಂತ ಒಂದು ಪದ ಬರೆಯೋದರ ಬದಲು ಏನು ಹಾಕಬಾರದು, ಎಷ್ಟು ಹೊತ್ತು ಇಡಬೇಕು ಅಂತ ಬರೆಯಿರಿ. ಗಿರಾಕಿಗೆ ಅದು ಕೆಲಸಕ್ಕೆ ಬರುತ್ತದೆ.

ಗೀತಾ_ಹಾಸನ

ನನ್ನದೊಂದು ವಿನಂತಿ. ನಮ್ಮ ಅಣ್ಣನ ಮಗನಿಗೆ ವಿಲ್ಸನ್ ಕಾಯಿಲೆ ಇದೆ. ದೇಹಕ್ಕೆ ಬಂದ ತಾಮ್ರವನ್ನು ಅವನ ಲಿವರ್ ಹೊರಗೆ ಹಾಕಲ್ಲ, ಅದು ಒಳಗೇ ಕೂಡಿಕೊಳ್ಳುತ್ತದೆ. ಗೊತ್ತಾಗೋಕೆ ಮುಂಚೆ, ಹುಡುಗ ಸುಸ್ತಾಗಿದ್ದಾನೆ ಅಂತ ಅವನಿಗೆಂದೇ ತಾಮ್ರದ ಚೊಂಬು ತಂದು ಕೊಟ್ಟವಳು ನಾನು. "ಲಿವರ್‌ಗೆ ಒಳ್ಳೆಯದು" ಅಂತ ಆ ಚೊಂಬಿನ ಡಬ್ಬದ ಮೇಲೆ ಬರೆದಿತ್ತು. ಕಾಯಿಲೆ ತಿಳಿದ ದಿನ ಡಾಕ್ಟರ್ ಮೊದಲು ಕೇಳಿದ್ದೇ ಮನೆಯಲ್ಲಿ ತಾಮ್ರದ ಪಾತ್ರೆ ಬಳಸುತ್ತೀರಾ ಅಂತ. ಕಾಯಿಲೆ ಚೊಂಬಿನಿಂದ ಬಂದದ್ದಲ್ಲ, ಹುಟ್ಟಿನಿಂದಲೇ ಇದ್ದದ್ದು. ಆದರೂ ಆ ಚೊಂಬು ಇವತ್ತಿಗೂ ನನ್ನ ಕಣ್ಣ ಮುಂದೆ ಬರುತ್ತದೆ.

ಇಂಥವರು ತುಂಬ ಕಡಿಮೆ ಇರಬಹುದು. ಆದರೂ ಒಂದೇ ಒಂದು ಸಾಲು ಹಾಕಿ, ದಯವಿಟ್ಟು.

ಪಾತ್ರೆಅಂಗಡಿ_ಸೊಸೆ

ಗೀತಕ್ಕ, ಆ ಸಾಲು ಖಂಡಿತ ಹಾಕುತ್ತೇನೆ. ಕೆಳಗೆ ಎಲ್ಲೋ ಅಲ್ಲ, ಬಳಕೆಯ ಜೊತೆಯಲ್ಲೇ.

ಶಿರಸಿ_ಭಟ್

ಎಲ್ಲ ಸರಿ. ಆದರೆ ಆಯುರ್ವೇದದಲ್ಲಿ ತಾಮ್ರದ ಪಾತ್ರೆಯ ನೀರಿನ ಬಗ್ಗೆ ಹೇಳಿದ್ದಾರೆ, ನಮ್ಮ ಹಿರಿಯರು ತಲೆತಲಾಂತರದಿಂದ ಬಳಸಿದ್ದಾರೆ. ಅದನ್ನು ಹೇಳಿದರೆ ಸುಳ್ಳು ಹೇಗಾಗುತ್ತದೆ? "ಆರೋಗ್ಯಕ್ಕೆ ಒಳ್ಳೆಯದೆಂದು ನಂಬಲಾಗಿದೆ" ಅಂದರೆ ಸಾಕಲ್ಲ.

ಗ್ರಾಹಕರ_ಪರ

ಭಟ್ಟರೇ, ನಾನು ಗ್ರಾಹಕರ ಪ್ರಕರಣಗಳನ್ನು ನೋಡುವ ವಕೀಲ. ಓದುವವರು "ನಂಬಲಾಗಿದೆ" ಅನ್ನೋದನ್ನು ಬಿಟ್ಟು "ಆರೋಗ್ಯಕ್ಕೆ ಒಳ್ಳೆಯದು" ಅಂತಲೇ ತೆಗೆದುಕೊಳ್ಳುತ್ತಾರೆ. ದಾರಿ ತಪ್ಪಿಸುವ ಜಾಹೀರಾತಿನ ಬಗ್ಗೆ 2022ರಲ್ಲಿ ಕೇಂದ್ರದ ಮಾರ್ಗಸೂಚಿ ಬಂದಿದೆ. ದೊಡ್ಡದಾಗಿ ಒಂದು ಮಾತು ಹೇಳಿ, ಕೆಳಗೆ ಸಣ್ಣ ಅಕ್ಷರದಲ್ಲಿ ಅದನ್ನು ಸರಿಮಾಡುವ ಹಾಗಿಲ್ಲ. ಹೇಳಿದ ಮಾತಿಗೆ ಆಧಾರ ಕೇಳಿದರೆ ಕೊಡಬೇಕು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಮೊದಲ ಸಲಕ್ಕೇ 10 ಲಕ್ಷ ರೂಪಾಯಿ ತನಕ ದಂಡ ಹಾಕಲು ಅವಕಾಶ ಇದೆ. ಸಣ್ಣ ಅಂಗಡಿ ಅಂತ ವಿನಾಯಿತಿ ಏನಿಲ್ಲ.

"ನಮ್ಮ ಕಡೆ ಮನೆಗಳಲ್ಲಿ ಹಿಂದಿನಿಂದಲೂ ಕುಡಿಯುವ ನೀರಿಗೆ ಬಳಸುವ ಬಿಂದಿಗೆ" ಅಂತ ಬರೆದರೆ ಅದು ಬಳಕೆಯ ಮಾತು. ಅಲ್ಲಿಗೇ ನಿಲ್ಲಿಸಿ.

ಶಿರಸಿ_ಭಟ್

ಬಳಕೆ ಹೇಳಬಹುದು, ಬಳಸಿದ ಕಾರಣ ಹೇಳಬಾರದು ಅನ್ನೋದು ನನಗೆ ಸರಿ ಕಾಣಲ್ಲ. ಹಿರಿಯರು ಸುಮ್ನೆ ಬಳಸಲಿಲ್ಲ. ಇರಲಿ, ಅಂಗಡಿ ನಿಮ್ಮದು.

ಪಾತ್ರೆಅಂಗಡಿ_ಸೊಸೆ

ನಾಗಣ್ಣನವರು ಹೇಳಿದ್ದನ್ನೆಲ್ಲ ಇವತ್ತು ಮಾಡಿ ನೋಡಿದೆ. ಬೆಸುಗೆ ಹಳದಿ, ಚಾಕುವಿನಿಂದ ಗೀರಲಿಲ್ಲ. ನಿಂಬೆರಸಕ್ಕೆ ಒಳಗೆ ತಕ್ಷಣ ಗುಲಾಬಿ ಆಯಿತು, ಹೊರಗೆ ಏನೂ ಆಗಲಿಲ್ಲ. ಅಂದರೆ ಹೊರಗೆ ಲ್ಯಾಕರ್ ಇದೆ. ಮಾವನವರಿಗೇ ಅದು ಗೊತ್ತಿರಲಿಲ್ಲ!

ಈಗ "100% ಶುದ್ಧ" ಅನ್ನೋದನ್ನು ಏನು ಮಾಡಲಿ? ಮ್ಯಾಗ್ನೆಟ್ ಅಂಟಲ್ಲ, ಅಷ್ಟು ಸಾಕಾ?

ಲೇತ್_ನಾಗಣ್ಣ

ಸಾಲದು. ಹಿತ್ತಾಳೆಗೂ ಅಂಟಲ್ಲ, ಅಲ್ಯೂಮಿನಿಯಂಗೂ ಅಂಟಲ್ಲ, ಕೆಲವು ಸ್ಟೀಲಿಗೂ ಅಂಟಲ್ಲ. ನೀರಿನಲ್ಲಿ ತೂಗಿ ನೋಡು. ಮುಚ್ಚಳ ತೆಗೆದು, ಬಿಂದಿಗೆಗೆ ದಾರ ಕಟ್ಟಿ, ತೂಗುವ ತಕ್ಕಡಿಗೆ ನೇತುಹಾಕಿ, ದೊಡ್ಡ ಬಕೆಟ್ ನೀರಿನಲ್ಲಿ ಪೂರ್ತಿ ಮುಳುಗಿಸು. ಒಳಗೆ ನೀರು ತುಂಬಿಕೊಳ್ಳಲಿ, ಗಾಳಿ ಗುಳ್ಳೆ ಒಂದೂ ಇರಬಾರದು. ತಳ ಬಕೆಟ್ಟಿಗೆ ತಾಗಬಾರದು. ಹೊರಗೆ 565 ಇದ್ದದ್ದು ನೀರಲ್ಲಿ ಸುಮಾರು 502 ತೋರಿಸಿದರೆ ತಾಮ್ರ. ಅಂದರೆ 63 ಗ್ರಾಂ ಕಡಿಮೆ ಆಗಬೇಕು. ಸ್ಟೀಲಿಗೆ ತಾಮ್ರದ ಲೇಪ ಹಾಕಿದ್ದಾದರೆ 71ರಷ್ಟು ಕಡಿಮೆ ಆಗುತ್ತದೆ.

ಪಾತ್ರೆಅಂಗಡಿ_ಸೊಸೆ

ಮೂರು ಸಲ ತೂಗಿದೆ. ಮೊದಲ ಸಲ 496 ಬಂತು, ನೋಡಿದರೆ ಕಂಠದ ಕೆಳಗೆ ಗಾಳಿ ಸಿಕ್ಕಿಕೊಂಡಿತ್ತು. ಓರೆ ಮಾಡಿ ಬಿಟ್ಟ ಮೇಲೆ ಎರಡು ಸಲವೂ 501. ಅಂದರೆ 64 ಗ್ರಾಂ ಕಡಿಮೆ.

ಲೇತ್_ನಾಗಣ್ಣ

ಸರಿಯಾಗಿದೆ. ಒಂದು ಗ್ರಾಂ ಆಚೀಚೆ ಅಂದರೆ ಬೆಸುಗೆಯ ಹಿತ್ತಾಳೆ, ತಕ್ಕಡಿ, ಎಲ್ಲ ಸೇರಿ ಆಗುತ್ತದೆ. ಒಳಗೆ ಸ್ಟೀಲ್ ಇಲ್ಲ ಅನ್ನೋದು ಇದರಿಂದ ಖಚಿತ. ಆದರೆ ಅದು 99.9 ಅಂತ ಈ ತಕ್ಕಡಿ ಹೇಳಲಾರದು, ಬೇರೆ ಲೋಹ ಸ್ವಲ್ಪ ಬೆರೆತಿದ್ದರೆ ಇದರಲ್ಲಿ ಸಿಕ್ಕಿಬೀಳಲ್ಲ. ಚಿನ್ನ ನೋಡುವ ಮೆಷಿನ್ನಿನಲ್ಲಿ ಕೆಲವರು ತೋರಿಸುತ್ತಾರೆ. ಅದು ನೋಡೋದು ಮೇಲ್ಮೈಯನ್ನು ಮಾತ್ರ. ಲೇಪ ಹಾಕಿದ ಪಾತ್ರೆಗೂ ತಾಮ್ರ ಅಂತಲೇ ಹೇಳಿಬಿಡಬಹುದು. ತಗಡು ಕೊಟ್ಟವರ ಬಿಲ್ಲಿನಲ್ಲಿ ದರ್ಜೆ ಬರೆದಿದ್ದರೆ ಆ ಬಿಲ್ ಇಟ್ಟುಕೊಂಡು ಅಷ್ಟನ್ನು ಬರಿ. ಇಲ್ಲದಿದ್ದರೆ "ತಾಮ್ರದ ತಗಡು" ಸಾಕು. ಹೇಗೂ ಬೆಸುಗೆ, ಹಿಡಿ ಎರಡೂ ಹಿತ್ತಾಳೆ ಆದ ಮೇಲೆ ಇಡೀ ಪಾತ್ರೆಗೆ 100% ಅನ್ನೋದು ಸುಳ್ಳೇ ತಾನೆ.

ಅಡುಗೆಮನೆ_ಶಾರದಾ

ತೊಳೆಯೋದರ ಬಗ್ಗೆ ನಾನು ಹೇಳುತ್ತೇನೆ, ಇದು ನನಗೆ ಗೊತ್ತು. ನೆನೆಸಿದ ಹುಣಸೆಹಣ್ಣಿಗೆ ಚಿಟಿಕೆ ಉಪ್ಪು ಹಾಕಿ ಕೈಯಲ್ಲೇ ಸವರಬೇಕು, ಒಂದೆರಡು ನಿಮಿಷಕ್ಕೆ ತೊಳೆದುಬಿಡಬೇಕು. ಹುಳಿ ಹಚ್ಚಿ ಮರೆತರೆ ಮಚ್ಚೆ ಮಚ್ಚೆ ಆಗುತ್ತೆ. ಸ್ಟೀಲ್ ಸ್ಕ್ರಬ್ಬರ್ ಮುಟ್ಟಿಸಬಾರದು. ತೊಳೆದ ಕೂಡಲೇ ಬಟ್ಟೆಯಲ್ಲಿ ಒರೆಸಿ ಬೋರಲು ಹಾಕಬೇಕು, ಇಲ್ಲದಿದ್ದರೆ ನೀರಿನ ಹನಿ ನಿಂತ ಕಡೆಯೆಲ್ಲ ಕಲೆ. ಹಿತ್ತಾಳೆ ಹಿಡಿಗೆ ಹುಳಿ ಹೆಚ್ಚು ಹೊತ್ತು ತಾಗಿದರೆ ಅದೂ ಕೆಂಪಗಾಗುತ್ತೆ. ಜನ ಅದಕ್ಕೂ ದೂರು ಕೊಡ್ತಾರೆ ನೋಡು.

ಲೇತ್_ನಾಗಣ್ಣ

ಶಾರದಮ್ಮ ಹೇಳಿದ್ದು ಒಳಗಡೆಗೆ ನೂರಕ್ಕೆ ನೂರು ಸರಿ. ಹೊರಗೆ ಲ್ಯಾಕರ್ ಇರುವ ಪಾತ್ರೆಗೆ ಹುಳಿ ಹಾಕಿ ಉಜ್ಜಿದರೆ ಲ್ಯಾಕರ್ ಅಲ್ಲಲ್ಲಿ ಏಳುತ್ತದೆ. ಎದ್ದ ಕಡೆ ಕಪ್ಪು, ಉಳಿದ ಕಡೆ ಹೊಳಪು. ಚರ್ಮ ಸುಲಿದ ಹಾಗೆ ಕಾಣುತ್ತದೆ. ಹೊರಗೆ ಸೋಪಿನ ನೀರು, ಮೆತ್ತನೆ ಬಟ್ಟೆ, ಅಷ್ಟೇ ಅಂತ ಬೇರೆಯಾಗಿ ಬರಿ.

ಹೊಸ ಪಾತ್ರೆಯ ಒಳಗೆ ಬೆಸುಗೆಯ ಸಂದಿಯಲ್ಲಿ ಪಾಲಿಶ್ ಮಸಿ ಕೂತಿರುತ್ತದೆ. ಮೊದಲು ಸೋಪು ಹಾಕಿದ ಬಿಸಿನೀರಿನಲ್ಲಿ, ಆಮೇಲೆ ಹುಣಸೆಹಣ್ಣಿನಲ್ಲಿ ತೊಳೆಯೋಕೆ ಹೇಳು. ಬಟ್ಟೆಯಲ್ಲಿ ಒರೆಸಿದರೆ ಕಪ್ಪು ಬರಬಾರದು, ಅಲ್ಲಿಯ ತನಕ.

ಪಾತ್ರೆಅಂಗಡಿ_ಸೊಸೆ

ಎಲ್ಲರ ಮಾತು ಸೇರಿಸಿ ಬರೆದಿದ್ದೇನೆ. ನೋಡಿ ಹೇಳಿ:

"ಕುಡಿಯುವ ನೀರಿನ ತಾಮ್ರದ ಬಿಂದಿಗೆ, 2 ಲೀಟರ್. ಮುಚ್ಚಳ ಬಿಟ್ಟು ತೂಕ 565 ಗ್ರಾಂ. ಕೈಕೆಲಸ ಇರುವುದರಿಂದ ಸ್ವಲ್ಪ ಹೆಚ್ಚು ಕಡಿಮೆ ಇರಬಹುದು. ಎರಡು ಭಾಗ ಮಾಡಿ ನಡುವೆ ಹಿತ್ತಾಳೆಯಲ್ಲಿ ಬೆಸೆದಿದೆ. ಮುಚ್ಚಳದ ಹಿಡಿ ಹಿತ್ತಾಳೆ. ಒಳಗೆ ಬರೀ ತಾಮ್ರ, ಕಲಾಯಿ ಇಲ್ಲ. ಹೊರಗೆ ಹೊಳಪು ಉಳಿಯಲು ಲ್ಯಾಕರ್ ಇದೆ.

ತಣ್ಣನೆಯ ಕುಡಿಯುವ ನೀರಿಗೆ ಮಾತ್ರ. ರಾತ್ರಿ ತುಂಬಿದ್ದನ್ನು ಮರುದಿನ ಖಾಲಿ ಮಾಡಿ. ನಿಂಬೆ ನೀರು, ಮಜ್ಜಿಗೆ, ಹಣ್ಣಿನ ರಸ, ಬಿಸಿ ಪದಾರ್ಥ ಹಾಕಬೇಡಿ. ಒಲೆಯ ಮೇಲೆ ಇಡಬೇಡಿ. ಬಿಂದಿಗೆ ನೀರನ್ನು ಶುದ್ಧ ಮಾಡುವ ಸಾಧನವಲ್ಲ. ನೀವು ಕಾಯಿಸಿ ಅಥವಾ ಫಿಲ್ಟರ್ ಮಾಡಿ ಕುಡಿಯುವವರಾದರೆ ಹಾಗೆಯೇ ಮಾಡಿ ತುಂಬಿಸಿ. ವಿಲ್ಸನ್ ಕಾಯಿಲೆ ಇರುವವರು ಬಳಸಬಾರದು. ಲಿವರ್ ತೊಂದರೆ ಇರುವವರು, ಹಸುಗೂಸಿಗೆ ಪುಡಿ ಹಾಲು ಕಲಸುವವರು ಡಾಕ್ಟರನ್ನು ಕೇಳಿ.

ಕೆಲವೇ ದಿನಗಳಲ್ಲಿ ಒಳಗೆ ಕಂದು, ಆಮೇಲೆ ಕಪ್ಪು ಬಣ್ಣ ಬರುತ್ತದೆ. ಅದು ತಾಮ್ರದ ಗುಣ, ಕಲಬೆರಕೆ ಅಲ್ಲ. ಹಸಿರು ಅಥವಾ ನೀಲಿ ಕಿಲುಬು ಕಂಡರೆ ತೊಳೆಯದೆ ಬಳಸಬೇಡಿ."

ಇದರ ಕೆಳಗೆ ಶಾರದಮ್ಮ, ನಾಗಣ್ಣ ಹೇಳಿದ ತೊಳೆಯುವ ವಿಧಾನ.

ನೀರು_ಪರೀಕ್ಷೆ

ತುಂಬ ಚೆನ್ನಾಗಿದೆ. ಬಿಳಿ ಪದರ ಕಂಡರೆ ಅದು ಗಡಸು ನೀರಿನ ಸುಣ್ಣ, ಹುಣಸೆಹಣ್ಣಿಗೇ ಬಿಡುತ್ತದೆ ಅಂತ ಒಂದು ಸಾಲು ಸೇರಿಸಿ. ಬೋರ್‌ವೆಲ್ ನೀರಿನವರು ಅದನ್ನೂ ಕಲಬೆರಕೆ ಅಂತ ವಾಪಸ್ ಕಳಿಸುತ್ತಾರೆ.

ಮೈಸೂರು_ಕಿರಣ

2012ರ ಪರೀಕ್ಷೆಯನ್ನು ಪೂರ್ತಿ ಬಿಟ್ಟದ್ದು ನನಗೆ ಈಗಲೂ ಬೇಸರವೇ. ಅದು ನಮ್ಮ ರಾಜ್ಯದವರ ಕೆಲಸ. ಪಾತ್ರೆ ಮಾರುವ ಜಾಗದಲ್ಲಿ ಬೇಡ ಅಂದರೆ, ಯಾರಾದರೂ ಫೋನಿನಲ್ಲಿ ಕೇಳಿದಾಗಲಾದರೂ ಹೇಳಿ. ಏನು ನೋಡಿದರು, ಏನು ನೋಡಿಲ್ಲ, ಎರಡನ್ನೂ.

ಲೇತ್_ನಾಗಣ್ಣ

ಮುಂದಿನ ಸಲ ಲ್ಯಾಕರ್ ಇಲ್ಲದ ಮಾಲು ತರಿಸಿ ನೋಡು ತಂಗಿ. ಒಳಗೆ ಹೊರಗೆ ಎರಡಕ್ಕೂ ಒಂದೇ ಹುಣಸೆಹಣ್ಣು, ಗಿರಾಕಿಗೂ ಸುಲಭ.

ಪಾತ್ರೆಅಂಗಡಿ_ಸೊಸೆ

ಮಾವನವರು ಒಪ್ಪುತ್ತಿಲ್ಲ. ಫೋಟೋದಲ್ಲಿ ಹೊಳಪಿಲ್ಲದ ಬಿಂದಿಗೆಯನ್ನು ಯಾರು ಕೊಳ್ಳುತ್ತಾರೆ ಅಂತಾರೆ. ಅವರ ಮಾತೂ ತೆಗೆದುಹಾಕುವಂಥದ್ದಲ್ಲ. ಅದಕ್ಕೆ ಲ್ಯಾಕರ್ ಇರುವುದೊಂದು, ಇಲ್ಲದ್ದೊಂದು, ಎರಡನ್ನೂ ನಮ್ಮ ಅಡುಗೆಮನೆ ಕಟ್ಟೆಯ ಮೇಲೆ ಇಟ್ಟು ದಿನಾ ನೀರು ತುಂಬುತ್ತಿದ್ದೇನೆ. ಹದಿನೈದು ದಿನ ತೊಳೆಯೋದಿಲ್ಲ, ಬರೀ ನೀರಿನಲ್ಲಿ ಜಾಲಿಸುತ್ತೇನೆ. ಆಮೇಲೆ ಒಳಗಿನ ಕಪ್ಪು, ಹೊರಗಿನ ಬಣ್ಣ ಎರಡೂ ಕಾಣುವ ಹಾಗೆ ಫೋಟೋ ತೆಗೆದು ಹೊಸದರ ಫೋಟೋ ಪಕ್ಕದಲ್ಲೇ ಹಾಕುತ್ತೇನೆ. ಇವತ್ತು ನಾಲ್ಕನೇ ದಿನ. ಒಳಗೆ ನೀರು ನಿಲ್ಲುವ ಗೆರೆಯ ತನಕ ಆಗಲೇ ಕಂದು ಬಣ್ಣ ಬಂದಿದೆ.